ಟ್ರೈನಿಂಗ್ ವಿಡಿಯೊ ಸ್ಕ್ರಿಪ್ಟನ್ನು ಕಾರ್ಖಾನೆಯ ಆಡುಗನ್ನಡಕ್ಕೆ ತರುವುದು ಹೇಗೆ?

ಕಾರ್ಖಾನೆಗಳ ಎಚ್‌ಆರ್ ಮತ್ತು ಸೇಫ್ಟಿ ವಿಭಾಗದವರು, ಅವರಿಗೆ ಕೆಲಸ ಮಾಡಿಕೊಡುವ ಅನುವಾದಕರು ಪದೇ ಪದೇ ಕೇಳುವ ಪ್ರಶ್ನೆ ಇದು. ಹೆಡ್ ಆಫೀಸಿನಿಂದ ಇಂಗ್ಲಿಷ್ ವಿಡಿಯೊ ಬಂದಿರುತ್ತದೆ. ಕನ್ನಡಕ್ಕೆ ಅನುವಾದವೂ ಆಗಿರುತ್ತದೆ. ಆದರೆ ರೆಕಾರ್ಡ್ ಮಾಡಲು ಕೂತರೆ ಮಾತು ವಿಡಿಯೊಗಿಂತ ಉದ್ದ ಆಗುತ್ತದೆ, ಕೇಳಿದವರು ಸುಮ್ನೆ ತಲೆಯಾಡಿಸಿ ಎದ್ದು ಹೋಗುತ್ತಾರೆ. ಎಲ್ಲಿ ತಪ್ಪಿತು?

ಇದನ್ನು ಒಂದೇ ಉದಾಹರಣೆ ಹಿಡಿದು ವಿವರಿಸುತ್ತೇನೆ. ಪ್ಯಾಕಿಂಗ್ ಲೈನಿನ ಕನ್ವೇಯರ್‌ನಲ್ಲಿ, ಗಾಳಿಯಿಂದ ಓಡುವ ಸಿಲಿಂಡರ್ ಬಾಕ್ಸನ್ನು ಪಕ್ಕಕ್ಕೆ ತಳ್ಳುವ ಜಾಗದಲ್ಲಿ, ಒಂದು ಬಾಕ್ಸ್ ಸಿಕ್ಕಿಕೊಂಡಿದೆ. ಅದನ್ನು ತೆಗೆಯುವ ಮುಂಚೆ ಮೆಷಿನ್‌ಗೆ ಬರುವ ಕರೆಂಟ್, ಗಾಳಿ ಎರಡನ್ನೂ ಕಡಿದು, ಬೀಗ ಹಾಕಿ, ಚೀಟಿ ತಗುಲಿಸಬೇಕು. ಇದಕ್ಕೆ ಕಾರ್ಖಾನೆಗಳಲ್ಲಿ ಲಾಕೌಟ್ ಟ್ಯಾಗೌಟ್, ಚಿಕ್ಕದಾಗಿ ಲೋಟೋ ಅನ್ನುತ್ತಾರೆ. ನೀವು ಕೆಲಸ ಮಾಡುತ್ತಿರುವ ಮೆಷಿನ್ನನ್ನು ಇನ್ನೊಬ್ಬರು ಗೊತ್ತಿಲ್ಲದೆ ಸ್ಟಾರ್ಟ್ ಮಾಡದ ಹಾಗೆ ನೋಡಿಕೊಳ್ಳುವುದು ಇದರ ಉದ್ದೇಶ. ನಮ್ಮ ದೃಶ್ಯ ವಿಡಿಯೊದ 1:10ರಿಂದ 1:50ರವರೆಗೆ, ಒಟ್ಟು 40 ಸೆಕೆಂಡ್.

ಕೆಲಸ ಶುರು ಮಾಡುವ ಮುಂಚೆ ಇವು ಕೈಯಲ್ಲಿರಲಿ: ಇಂಗ್ಲಿಷ್ ಸ್ಕ್ರಿಪ್ಟ್, ಮೂಲ ವಿಡಿಯೊ, ಆ ಮೆಷಿನ್ ಪಕ್ಕ ನಿಂತು ತೆಗೆದ ಫೋಟೊಗಳು, ರೆಕಾರ್ಡ್ ಮಾಡಲು ಫೋನು. ಸ್ಕ್ರಿಪ್ಟ್ ಮಾತ್ರ ಕೊಟ್ಟು ವಿಡಿಯೊ ಆಮೇಲೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಚಿತ್ರ ನೋಡದೆ ಟೈಮಿಂಗ್ ಕೂರಿಸಲು ಆಗುವುದಿಲ್ಲ.

1. ಯಾರು ನೋಡುತ್ತಾರೆ, ಅವರ ಕೆಲಸ ಎಲ್ಲಿಯವರೆಗೆ ಎಂದು ಕೇಳಿಕೊಳ್ಳಿ

ಕಂಪನಿಯ ವಿಡಿಯೊ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ. ನಿಮ್ಮ ಕಾರ್ಖಾನೆಯಲ್ಲಿ ಹಾಗಿರುವುದಿಲ್ಲ. ಕೆಲವು ಕಡೆ ತರಬೇತಿ ಆದ ಆಪರೇಟರ್‌ಗೆ ಬೀಗ ಕೊಟ್ಟಿರುತ್ತಾರೆ. ಇನ್ನು ಕೆಲವು ಕಡೆ ಮೇಂಟೆನೆನ್ಸ್‌ನವರು ಮಾತ್ರ ಬೀಗ ಹಾಕಬಹುದು, ಆಪರೇಟರ್ ಮೆಷಿನ್ ನಿಲ್ಲಿಸಿ ಅವರನ್ನು ಕರೆಯಬೇಕು. ಎರಡನೆಯ ರೀತಿಯ ಕಾರ್ಖಾನೆಯಲ್ಲಿ ‘ನಿಮ್ಮ ಲಾಕ್ ಹಾಕಿ’ ಎಂದು ಎಲ್ಲರಿಗೂ ಹೇಳಿಬಿಟ್ಟರೆ, ಅಧಿಕಾರ ಇಲ್ಲದವರಿಗೆ ಅಪಾಯದ ಕೆಲಸ ಒಪ್ಪಿಸಿದಂತಾಗುತ್ತದೆ. ಒಂದು ಸಾಲೂ ಬರೆಯುವ ಮುಂಚೆ ಸೇಫ್ಟಿ ಆಫೀಸರ್ ಹತ್ತಿರ ಇದನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಇಲ್ಲಿನ ಉದಾಹರಣೆ ಬೀಗ ಪಡೆದ, ತರಬೇತಿ ಆದ ಆಪರೇಟರ್‌ಗಳಿಗಾಗಿ.

ಅವರು ಯಾವ ಊರಿನವರು ಎಂಬುದನ್ನೂ ಕೇಳಿ. ಪೀಣ್ಯದ ಒಂದೇ ಶಿಫ್ಟಿನಲ್ಲಿ ತುಮಕೂರು, ಹಾಸನದವರ ಜೊತೆಗೆ ರಾಯಚೂರು, ಕಲಬುರಗಿಯವರೂ ಇರಬಹುದು. ಹಿಂದಿ, ಒಡಿಯಾ ಮಾತಾಡುವವರು ಜಾಸ್ತಿ ಇದ್ದರೆ ಅವರಿಗೆ ಬೇರೆ ಆಡಿಯೊ ಮಾಡಬೇಕು. ಕನ್ನಡವನ್ನೇ ಸುಲಭ ಮಾಡಿದರೆ ಅವರಿಗೂ ಅರ್ಥವಾದೀತು ಎಂದು ನಂಬಿ ಕೂರಬೇಡಿ.

2. ಮೆಷಿನ್ ಹತ್ತಿರ ಹೋಗಿ ಹೆಸರುಗಳನ್ನು ಬರೆದುಕೊಳ್ಳಿ

ಅರ್ಧ ಗಂಟೆ ಲೈನಿನಲ್ಲಿ ನಿಂತರೆ ಸಾಕು. ಒಂದೊಂದು ಭಾಗವನ್ನೂ ತೋರಿಸಿ ‘ಇದಕ್ಕೆ ನೀವು ಏನಂತೀರಿ?’ ಎಂದು ಆಪರೇಟರನ್ನು ಕೇಳಿ. ಇಂಗ್ಲಿಷ್ ಸ್ಕ್ರಿಪ್ಟ್ ಐಸೊಲೇಟರ್ ಅನ್ನುತ್ತದೆ. ಅಂದರೆ ಮೆಷಿನ್‌ಗೆ ಬರುವ ಕರೆಂಟನ್ನು ಪೂರ್ತಿ ಕಡಿಯುವ, ಪ್ಯಾನೆಲ್ ಮೇಲಿರುವ ಹಿಡಿ. ಲೈನಿನವರ ಬಾಯಲ್ಲಿ ಅದು ‘ಮೇನ್ ಸ್ವಿಚ್’ ಆಗಿರಬಹುದು, ‘ಮೇನ್’ ಅಷ್ಟೇ ಆಗಿರಬಹುದು. ಅವರು ಅನ್ನುವುದನ್ನೇ ಬರೆಯಿರಿ. ಕನ್ವೇಯರ್‌ಗೆ ‘ಸಾಗಣೆ ಪಟ್ಟಿ’ ಎಂದೋ ವಾಲ್ವಿಗೆ ‘ಕವಾಟ’ ಎಂದೋ ಹೊಸದಾಗಿ ಹೆಸರಿಡುವ ಜಾಗ ಇದಲ್ಲ.

ಎರಡು ಎಚ್ಚರಿಕೆಗಳಿವೆ. ಒಂದೇ ಹೆಸರು ಎರಡು ವಸ್ತುಗಳಿಗೆ ಓಡಾಡುತ್ತಿದೆಯಾ ನೋಡಿ. ಲೈನಿಗೊಂದು ಮೇನ್, ಮೆಷಿನ್‌ಗೊಂದು ಮೇನ್ ಇದ್ದರೆ ‘ಈ ಮೆಷಿನ್ನಿನ ಮೇನ್ ಸ್ವಿಚ್’ ಎಂದು ಬಿಡಿಸಿ ಹೇಳಬೇಕು. ಇನ್ನೊಂದು, ಎಮರ್ಜೆನ್ಸಿ ಬಟನ್ ಒತ್ತಿದರೆ ಕರೆಂಟ್ ಹೋಯಿತು ಎಂದು ತುಂಬಾ ಜನ ತಿಳಿದಿರುತ್ತಾರೆ. ಆ ಬಟನ್ ಮೆಷಿನ್ನನ್ನು ನಿಲ್ಲಿಸುತ್ತದೆ ಅಷ್ಟೇ, ಪ್ಯಾನೆಲ್ ಒಳಗೆ ಕರೆಂಟ್ ಇದ್ದೇ ಇರುತ್ತದೆ. ನಿಮ್ಮ ಸಾಲಿನಲ್ಲಿ ಸ್ಟಾಪ್ ಬಟನ್ನೂ ಮೇನ್ ಸ್ವಿಚ್ಚೂ ಬೇರೆ ಬೇರೆ ಹೆಜ್ಜೆಯಾಗಿ ಸ್ಪಷ್ಟವಾಗಿ ಕೇಳಿಸಬೇಕು.

3. ಪದ ಲೆಕ್ಕ ಬಿಡಿ, ಅಕ್ಷರ ಎಣಿಸಿ

ಟೈಮಿಂಗ್ ಕೆಡುವುದು ಹೆಚ್ಚಾಗಿ ಇಲ್ಲೇ. ಇಂಗ್ಲಿಷ್ ನಿರೂಪಣೆಗೆ ನಿಮಿಷಕ್ಕೆ 130ರಿಂದ 150 ಪದ ಎಂಬ ಲೆಕ್ಕ ಬಳಕೆಯಲ್ಲಿದೆ. ಕನ್ನಡಕ್ಕೆ ಅದು ನಡೆಯುವುದಿಲ್ಲ, ನಮ್ಮ ಒಂದು ಪದಕ್ಕೆ ಪ್ರತ್ಯಯಗಳೆಲ್ಲ ಅಂಟಿಕೊಂಡು ಬರುತ್ತವೆ. ಈ ಸಾಲು ನೋಡಿ:

‘ಯಂತ್ರದ ಅನಿರೀಕ್ಷಿತ ಚಾಲನೆಯನ್ನು ತಡೆಗಟ್ಟುವ ಸಲುವಾಗಿ ಸಂಗ್ರಹಿತ ಶಕ್ತಿಯನ್ನು ಬಿಡುಗಡೆಗೊಳಿಸತಕ್ಕದ್ದು.’

ಪದ ಎಣಿಸಿದರೆ 8. ಇಂಗ್ಲಿಷ್ ಲೆಕ್ಕದಲ್ಲಿ ಸುಮಾರು ಮೂರೂವರೆ ಸೆಕೆಂಡಿನಲ್ಲಿ ಮುಗಿಯಬೇಕು. ಆದರೆ ಬಾಯಲ್ಲಿ ಉಚ್ಚಾರ ಆಗುವ ಅಕ್ಷರಗಳು 40. ಗಟ್ಟಿಯಾಗಿ ಓದಿದರೆ 8 ಸೆಕೆಂಡ್ ಹಿಡಿಯುತ್ತದೆ.

ನಾನು ಇಟ್ಟುಕೊಂಡಿರುವ ಅಳತೆ ಸೆಕೆಂಡಿಗೆ 5 ಅಕ್ಷರ. ಮಾತುಕತೆಯಲ್ಲಿ ನಾವು ಇದಕ್ಕಿಂತ ವೇಗವಾಗಿ ಹೋಗುತ್ತೇವೆ, ಆದರೆ ಕೈಯಲ್ಲಿ ಮಾಡಬೇಕಾದ ಕೆಲಸವನ್ನು ಹೇಳುವಾಗ ಈ ನಡಿಗೆ ಸರಿ. ಎಣಿಸುವ ಕ್ರಮ ಸುಲಭ. ಸ್ವರ ಕೇಳಿಸುವ ಪ್ರತಿಯೊಂದಕ್ಕೂ ಒಂದು. ಒತ್ತಕ್ಷರಕ್ಕೆ ಬೇರೆ ಎಣಿಕೆ ಇಲ್ಲ, ಅರ್ಧ ಅಕ್ಷರವನ್ನು ಬಿಡಿ. ‘ಸ್ವಿಚ್’ ಒಂದು, ‘ಬಟನ್’ ಎರಡು, ‘ಮೊದಲು’ ಮೂರು.

ಇರುವ ಸಮಯವನ್ನೆಲ್ಲ ಮಾತಿನಿಂದ ತುಂಬಬೇಡಿ. ಮೂರರಲ್ಲಿ ಎರಡು ಪಾಲು ಮಾತು, ಒಂದು ಪಾಲು ಮೌನ. ನೋಡುವವರು ಆ ಮೌನದಲ್ಲೇ ಕೈ ಎಲ್ಲಿಗೆ ಹೋಯಿತು, ಹಿಡಿ ಯಾವ ಕಡೆ ತಿರುಗಿತು ಎಂದು ಗಮನಿಸುತ್ತಾರೆ. ನಮ್ಮ 40 ಸೆಕೆಂಡಿಗೆ 200 ಅಕ್ಷರ ಹಿಡಿಸುತ್ತದೆ, ಬರೆಯಬೇಕಾದದ್ದು ಸುಮಾರು 133.

4. ಚಿತ್ರದ ಕ್ರಮಕ್ಕೆ ಮಾತಿನ ಕ್ರಮ ಹೊಂದಿಸಿ

ಉದ್ದ ಸರಿಯಿದ್ದರೂ ಮಾತು ಚಿತ್ರಕ್ಕೆ ಕೂರದೆ ಇರಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಬೇಡ’ ಅನ್ನುವುದು ಅದಕ್ಕೂ ಕೊನೆಗೆ. ಇಂಗ್ಲಿಷ್ ವಾಕ್ಯ ನಿಷೇಧದಿಂದಲೇ ಶುರುವಾಗುತ್ತದೆ, ಅದೇ ಹೊತ್ತಿಗೆ ತೆರೆಯ ಮೇಲೆ ಕೆಂಪು ಅಡ್ಡಗೆರೆ ಬರುತ್ತದೆ. ಕನ್ನಡದಲ್ಲಿ ‘ಬೆಲ್ಟ್ ಓಡುತ್ತಿರುವಾಗ ಸಿಕ್ಕಿಕೊಂಡ ಬಾಕ್ಸನ್ನು ತೆಗೆಯಲು ಒಳಗೆ ಕೈ ಹಾಕ…’ ಎಂದು ಹೇಳುತ್ತಿರುವಾಗಲೇ ಆ ಗೆರೆ ಬಂದು ಹೋಗಿರುತ್ತದೆ. ‘ಬೇಡಿ’ ಬರುವ ಹೊತ್ತಿಗೆ ತೆರೆಯ ಮೇಲೆ ಬೇರೆ ಚಿತ್ರ. ಗದ್ದಲದಲ್ಲಿ ಆ ಕೊನೆಯ ಎರಡು ಅಕ್ಷರ ಕೇಳಿಸದೇ ಹೋದರೆ ಉಳಿಯುವುದು ‘ಒಳಗೆ ಕೈ ಹಾಕ’ ಮಾತ್ರ. ಹಾಗಾಗಿ ನಿಷೇಧವನ್ನು ತುಂಡು ಮಾಡಿ, ಮೊದಲು ಹೇಳಿ: ‘ಕೈ ಹಾಕಬೇಡಿ.’ ಕಾರಣ ಬೇಕಿದ್ದರೆ ಮುಂದಿನ ವಾಕ್ಯದಲ್ಲಿ.

‘ಮುಂಚೆ’ ಬರುವ ವಾಕ್ಯಗಳಲ್ಲೂ ಇದೇ ತೊಂದರೆ. ಬೀಗ ಹಾಕುವುದು ಮೊದಲು, ಗಾರ್ಡ್, ಅಂದರೆ ಮೆಷಿನ್ನಿನ ರಕ್ಷಣೆಯ ಮುಚ್ಚಳ, ಬಿಚ್ಚುವುದು ಆಮೇಲೆ. ಚಿತ್ರದಲ್ಲೂ ಹಾಗೇ ಇದೆ. ಇಂಗ್ಲಿಷಿನಲ್ಲೂ ಬೀಗದ ಮಾತೇ ಮೊದಲು ಬರುತ್ತದೆ. ಅನುವಾದ ಮಾತ್ರ ‘ಗಾರ್ಡ್ ಬಿಚ್ಚುವ ಮುನ್ನ ಬೀಗ ಹಾಕಿ’ ಎಂದು ತಿರುಗಿ ನಿಲ್ಲುತ್ತದೆ. ಕಣ್ಣಿಗೆ ಬೀಗ, ಕಿವಿಗೆ ಗಾರ್ಡ್. ಇಂಥ ಕಡೆ ಮಾಡುವ ಕ್ರಮದಲ್ಲೇ ಹೇಳಿ: ‘ಮೊದಲು ಲಾಕ್. ಆಮೇಲೆ ಗಾರ್ಡ್ ಬಿಚ್ಚಿ.’

5. ಎರಡು ಅರ್ಥ ಕೊಡುವ ಕ್ರಿಯಾಪದಗಳನ್ನು ಹುಡುಕಿ ತೆಗೆಯಿರಿ

ಸೇಫ್ಟಿ ವಿಡಿಯೊದಲ್ಲಿ ಇದಕ್ಕಿಂತ ಅಪಾಯದ ತಪ್ಪಿಲ್ಲ. ನಮ್ಮ ಆಡುಮಾತಿನ ಸಣ್ಣ ಕ್ರಿಯಾಪದಗಳು ವಸ್ತು ಬದಲಾದ ಹಾಗೆ ಅರ್ಥ ಬದಲಿಸುತ್ತವೆ. ‘ಸ್ವಿಚ್ ಹಾಕಿ’ ಅಂದರೆ ಆನ್ ಮಾಡಿ. ‘ಬಾಗಿಲು ಹಾಕಿ’ ಅಂದರೆ ಮುಚ್ಚಿ. ಹಾಗಾದರೆ ‘ವಾಲ್ವ್ ಹಾಕಿ’ ಅಂದರೆ ಏನು? ಒಬ್ಬರು ಗಾಳಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಗಾಳಿ ಬಿಡುತ್ತಾರೆ. ‘ವಾಲ್ವ್ ತೆಗೆಯಿರಿ’ ಅಂದರೂ ಅಷ್ಟೇ, ತಿರುಗಿಸಿ ತೆರೆಯಬೇಕೋ ಬಿಚ್ಚಿ ಕೈಗೆ ತೆಗೆದುಕೊಳ್ಳಬೇಕೋ ಗೊತ್ತಾಗುವುದಿಲ್ಲ. ‘ಏರ್ ಬಿಡಿ’ ಎಂದರೆ ಮೆಷಿನ್‌ಗೆ ಗಾಳಿ ಕೊಡಿ ಅಂತಲೂ ಆಗುತ್ತದೆ, ಒಳಗಿನ ಗಾಳಿ ಹೊರಗೆ ಬಿಡಿ ಅಂತಲೂ ಆಗುತ್ತದೆ. ನಮ್ಮ ದೃಶ್ಯದಲ್ಲಿ ಮೇನ್ ಆಫ್ ಆದ ಮೇಲೂ ಸಿಲಿಂಡರ್ ಒಳಗೆ ಒತ್ತಡ ಉಳಿದಿರುತ್ತದೆ. ಸಿಕ್ಕಿಕೊಂಡ ಬಾಕ್ಸ್ ಸಡಿಲವಾದ ಕೂಡಲೇ ಅದು ಮುಂದಕ್ಕೆ ಜಿಗಿದು ಕೈಗೆ ಬಡಿಯಬಹುದು. ಈ ಸಾಲು ತಪ್ಪಾಗಿ ಕೇಳಿಸಲೇಬಾರದು.

ಕರೆಂಟಿಗೆ ‘ಆಫ್ ಮಾಡಿ’, ‘ಆನ್ ಮಾಡಿ’. ವಾಲ್ವಿಗೆ ‘ಬಂದ್ ಮಾಡಿ’, ‘ಓಪನ್ ಮಾಡಿ’. ಉಳಿದ ಗಾಳಿಗೆ ‘ಹೊರಗೆ ಬಿಡಿ’. ‘ಹಾಕಿ’ ಎಂಬುದನ್ನು ಲಾಕ್‌ಗೆ ಮಾತ್ರ ಮೀಸಲಿಡಿ. ಇಡೀ ಸ್ಕ್ರಿಪ್ಟಿನಲ್ಲಿ ಇದನ್ನು ಬದಲಿಸಬೇಡಿ. ಒಂದೇ ಪದ ಮತ್ತೆ ಮತ್ತೆ ಬಂದರೆ ಚೆನ್ನಾಗಿರಲ್ಲ ಎಂಬ ಚಿಂತೆ ಕಥೆ ಬರೆಯುವಾಗ ಇರಲಿ. ಜೊತೆಗೆ, ಕೆಲಸ ಆಯಿತು ಎಂದು ಕಣ್ಣಿಗೆ ಕಾಣುವ ಗುರುತನ್ನೂ ಹೇಳಿ. ಒತ್ತಡ ತೋರಿಸುವ ಗೇಜಿನ ಮುಳ್ಳು ಜೀರೋಗೆ ಬರಬೇಕು ಎಂದರೆ ಅನುಮಾನಕ್ಕೆ ಜಾಗವಿಲ್ಲ.

6. ದನಿ ಸರಿಪಡಿಸಿ

ಸ್ಕ್ರಿಪ್ಟಿನಲ್ಲಿ ‘ತಕ್ಕದ್ದು’, ‘ಕೈಗೊಳ್ಳುವುದು’, ‘ಖಚಿತಪಡಿಸಿಕೊಳ್ಳಿ’ ಇದ್ದರೆ ಅದು ನೋಟಿಸ್ ಬೋರ್ಡಿನ ಭಾಷೆ. ಕೆಲಸ ಹೇಳಿಕೊಡುವಾಗ ಹಿರಿಯ ಆಪರೇಟರ್ ಹಾಗೆ ಮಾತಾಡುವುದಿಲ್ಲ. ‘ಮಾಡಿ’, ‘ನೋಡಿ’, ‘ಇರಲಿ’ ಎಂದು ನೇರವಾಗಿ, ಬಹುವಚನದಲ್ಲಿ ಬರೆಯಿರಿ. ‘ನೀನು’ ಬೇಡ. ‘ದಯವಿಟ್ಟು’ ಕೂಡ ಸೇಫ್ಟಿ ಹೆಜ್ಜೆಗಳಲ್ಲಿ ಬೇಡ, ಮಾಡಿದರೆ ಆಯಿತು ಬಿಟ್ಟರೆ ಆಯಿತು ಎಂಬ ಹಾಗೆ ಕೇಳಿಸುತ್ತದೆ.

ಪ್ರಾದೇಶಿಕ ಬಣ್ಣ ಎಷ್ಟಿರಬೇಕು? ನಿರೂಪಣೆಯಲ್ಲಿ ಕಡಿಮೆ. ‘ಮಾಡಿ’ ಎಂದರೆ ರಾಯಚೂರಿನವರಿಗೂ ಮಂಡ್ಯದವರಿಗೂ ಅರ್ಥವಾಗುತ್ತದೆ. ‘ಹತ್ರ’, ‘ಇರೋ’, ‘ಬರ್ಬೇಕು’ ಮಟ್ಟಿನ ಆಡುಮಾತು ಸಾಕು. ‘ಜೇಬು’ ಅನ್ನಬೇಕೋ ‘ಕಿಸೆ’ ಅನ್ನಬೇಕೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಕೀ ಎಲ್ಲಿಗೆ ಹೋಯಿತು ಎಂದು ಚಿತ್ರದಲ್ಲೇ ಕಾಣುತ್ತದೆ. ಬೆಂಗಳೂರಿನ ‘ಗುರೂ’, ‘ಮಗಾ’ ಮಾತ್ರ ಖಂಡಿತ ಬೇಡ. ಲೈನಿನಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ವಯಸ್ಸಾದವರೂ ಇದ್ದಾರೆ.

ಪಾತ್ರಗಳು ಮಾತಾಡುವ ದೃಶ್ಯ ಬೇರೆ. ಇಂಗ್ಲಿಷ್ ವಿಡಿಯೊದಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ. ನಮ್ಮಲ್ಲಿ ಹೊಸ ಹೆಲ್ಪರ್ ಹಿರಿಯ ಆಪರೇಟರನ್ನು ‘ಅಣ್ಣಾ’ ಅನ್ನುತ್ತಾನೆ, ಹೆಂಗಸಾದರೆ ‘ಅಕ್ಕಾ’. ಸೂಪರ್‌ವೈಸರ್‌ಗೆ ‘ಸಾರ್’ ಅಥವಾ ‘ಮೇಡಂ’. ವಯಸ್ಸಿನಲ್ಲಿ ದೊಡ್ಡವರಾದ ಆಪರೇಟರ್‌ಗೆ ಸೂಪರ್‌ವೈಸರ್ ಕೂಡ ‘ನೀವು’ ಅನ್ನಲಿ. ನಮ್ಮ ದೃಶ್ಯಕ್ಕೆ ಮೊದಲು ಬರುವ ಎರಡು ಮಾತು ಹೀಗಿರಬಹುದು:

‘ಅಣ್ಣಾ, ಒಂದೇ ಬಾಕ್ಸ್ ಅಲ್ವಾ, ಹಂಗೇ ಎಳೆದುಬಿಡ್ತೀನಿ.’
‘ಬೇಡಪ್ಪ. ಮೊದಲು ಮೇನ್ ಆಫ್ ಮಾಡೋಣ, ಇರು.’

ಇಲ್ಲಿ ‘ಇರು’ ಎಂಬ ಏಕವಚನ ಸಲುಗೆಯದು, ಅವಮಾನ ಅಲ್ಲ. ತಪ್ಪು ಮಾಡುವವನನ್ನು ಪೆದ್ದನ ಹಾಗೆ ತೋರಿಸಬೇಡಿ. ಬಾಕ್ಸ್ ಸಿಕ್ಕಿಕೊಂಡರೆ ಟಾರ್ಗೆಟ್ ಹೋಗುತ್ತದೆ, ಅದಕ್ಕೇ ಅವನ ಕೈ ಮುಂದೆ ಹೋಗುತ್ತದೆ. ನೋಡುವವರಿಗೆ ಆ ಒತ್ತಡ ಚೆನ್ನಾಗಿ ಗೊತ್ತು.

7. ಟೈಮ್‌ಕೋಡ್ ಹಾಕಿ ಬರೆಯಿರಿ

ಟೈಮ್‌ಕೋಡ್ ಎಂದರೆ ಆ ಸಾಲು ವಿಡಿಯೊದ ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಎಂಬ ಗುರುತು. ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿ, ಕೈಯ ಕೆಲಸ ಬದಲಾಗುವ ಪ್ರತಿ ಕಡೆ ಹೊಸ ಗುರುತು ಹಾಕಿ. ನಮ್ಮ ದೃಶ್ಯ ಹೀಗೆ ಬರುತ್ತದೆ:

| ಸಮಯ | ಮಾತು | ಅಕ್ಷರ |
|---|---|---|
| 1:10–1:14 | ಬಾಕ್ಸ್ ಸಿಕ್ಕಿಕೊಂಡಿದೆ. ಕೈ ಹಾಕಬೇಡಿ. | 11 |
| 1:14–1:18 | ಮೊದಲು ಸ್ಟಾಪ್ ಬಟನ್ ಒತ್ತಿ. ಬೆಲ್ಟ್ ಪೂರ್ತಿ ನಿಲ್ಲಲಿ. | 14 |
| 1:18–1:24 | ಪ್ಯಾನೆಲ್ ಹತ್ರ ಹೋಗಿ, ಮೇನ್ ಸ್ವಿಚ್ ಆಫ್ ಮಾಡಿ. | 11 |
| 1:24–1:32 | ನಿಮ್ಮ ಲಾಕ್ ಹಾಕಿ. ಟ್ಯಾಗ್‌ನಲ್ಲಿ ನಿಮ್ಮ ಹೆಸರು, ಟೈಮ್ ಬರೀರಿ. ಕೀ ನಿಮ್ಮ ಜೇಬಲ್ಲೇ ಇರಲಿ. | 26 |
| 1:32–1:42 | ಈಗ ಏರ್ ವಾಲ್ವ್ ಬಂದ್ ಮಾಡಿ. ಅದಕ್ಕೂ ಲಾಕ್ ಹಾಕಿ. ಒಳಗೆ ಉಳಿದಿರೋ ಗಾಳೀನ ಪೂರ್ತಿ ಹೊರಗೆ ಬಿಡಿ. ಗೇಜ್ ಮುಳ್ಳು ಜೀರೋಗೆ ಬರ್ಬೇಕು. | 39 |
| 1:42–1:50 | ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ ನೋಡಿ. ಮೆಷಿನ್ ಅಲ್ಲಾಡ್ಬಾರ್ದು. ಮತ್ತೆ ಸ್ಟಾಪ್ ಒತ್ತಿ. ಈಗ ಬಾಕ್ಸ್ ಹೊರಗೆ ತೆಗೀಬಹುದು. | 32 |

ಮೂರನೆಯ ಸಾಲಿಗೆ 6 ಸೆಕೆಂಡ್ ಇದೆ, ಮಾತು 2 ಸೆಕೆಂಡ್ ಚಿಲ್ಲರೆ ಅಷ್ಟೇ. ಅಲ್ಲಿ ಇನ್ನೊಂದು ವಾಕ್ಯ ತುರುಕಬೇಡಿ. ಆಪರೇಟರ್ ಪ್ಯಾನೆಲ್‌ವರೆಗೆ ನಡೆಯುವುದು, ಹಿಡಿ ‘ಟಕ್’ ಎಂದು ತಿರುಗುವುದು ಕಾಣಬೇಕು, ಕೇಳಬೇಕು. ಐದನೆಯ ಸಾಲು ಬಿಗಿಯಾಗಿದೆ. 39 ಅಕ್ಷರಕ್ಕೆ ಸುಮಾರು 8 ಸೆಕೆಂಡ್ ಬೇಕು, ಇರುವುದು 10. ಇಂಥ ಕಡೆ ಮಾತನ್ನು ಓಡಿಸುವ ಬದಲು ಗೇಜಿನ ಚಿತ್ರವನ್ನು ಒಂದೆರಡು ಸೆಕೆಂಡ್ ನಿಲ್ಲಿಸಿ ಹಿಡಿಯಲು ಎಡಿಟರ್‌ಗೆ ಹೇಳಿ. ಆಡಿಯೊ ವೇಗ ಹೆಚ್ಚಿಸುವ ಸೌಲಭ್ಯ ಹೆಚ್ಚಿನ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇದೆ, ಆದರೆ ಹಾಗೆ ಓಡಿಸಿದ ಕನ್ನಡದಲ್ಲಿ ದೀರ್ಘ, ಒತ್ತು ಎಲ್ಲ ಕಲಸಿಹೋಗುತ್ತವೆ.

ಸಮಯ ಉಳಿಸಲು ಏನನ್ನು ಬಿಡಬಹುದು? ಅಮೆರಿಕದಿಂದ ಬಂದ ಲೋಟೋ ಸ್ಕ್ರಿಪ್ಟುಗಳಲ್ಲಿ ಅಲ್ಲಿನ ಕೆಲಸದ ಸುರಕ್ಷತೆಯ ಸರ್ಕಾರಿ ಸಂಸ್ಥೆ ಓಷಾದ ನಿಯಮದ 1910.147 ಎಂಬ ನಂಬರನ್ನು ನಿರೂಪಕರು ಓದುವುದುಂಟು. ಅದನ್ನು ಕನ್ನಡದಲ್ಲಿ ಓದಿಸಿದರೆ ಐದಾರು ಸೆಕೆಂಡ್ ಹೋಗುತ್ತದೆ, ಲೈನಿನವರಿಗೆ ಉಪಯೋಗವಿಲ್ಲ. ತೆರೆಯ ಮೇಲಿನ ಅಕ್ಷರವಾಗಿ ಉಳಿಸಿ, ಧ್ವನಿಯಿಂದ ತೆಗೆಯಿರಿ. ಹಾಗೇ ‘ನಮ್ಮ ಕಂಪನಿಯ ಬದ್ಧತೆ’ ಬಗೆಯ ವಾಕ್ಯಗಳನ್ನೂ. ಆದರೆ ಹೆಜ್ಜೆಗಳಲ್ಲಿ ಒಂದನ್ನೂ ಬಿಡಬೇಡಿ. ಕೊನೆಯ ಸಾಲಿನ ‘ಮತ್ತೆ ಸ್ಟಾಪ್ ಒತ್ತಿ’ ಸಣ್ಣದಾಗಿ ಕಾಣುತ್ತದೆ. ಸ್ಟಾರ್ಟ್ ಒತ್ತಿ ನೋಡಿದ ಮೇಲೆ ಕಂಟ್ರೋಲ್ ಅದೇ ಸ್ಥಿತಿಯಲ್ಲಿ ಉಳಿದರೆ, ಆಮೇಲೆ ಮೇನ್ ಆನ್ ಮಾಡಿದ ತಕ್ಷಣ ಕೆಲವು ಮೆಷಿನ್‌ಗಳು ತಾವಾಗಿಯೇ ಓಡಲು ಶುರುಮಾಡುತ್ತವೆ. ಏನೇ ತೆಗೆದರೂ ಆ ಪಟ್ಟಿಗೆ ಸೇಫ್ಟಿ ಆಫೀಸರ್ ಸಹಿ ಇರಲಿ.

8. ಮೊದಲು ಫೋನಿನಲ್ಲೇ ರೆಕಾರ್ಡ್ ಮಾಡಿ

ಸ್ಟುಡಿಯೊಗೆ ಹೋಗುವ ಮುಂಚೆ ನೀವೇ ಓದಿ, ವಿಡಿಯೊ ಜೊತೆ ಓಡಿಸಿ ನೋಡಿ. ಇದಕ್ಕೆ ಸ್ಕ್ರ್ಯಾಚ್ ಟ್ರ್ಯಾಕ್ ಅನ್ನುತ್ತಾರೆ, ಅಂದರೆ ಟೈಮಿಂಗ್ ಪರೀಕ್ಷೆಗೆ ಮಾಡುವ ಕಚ್ಚಾ ಆಡಿಯೊ. ಉಸಿರು ಸಿಗದ ವಾಕ್ಯ, ನಾಲಿಗೆ ತೊಡರುವ ಪದ ಇಲ್ಲೇ ಸಿಕ್ಕಿಬೀಳುತ್ತವೆ. ಸಾಲು ಗುರುತಿಗಿಂತ ಅರ್ಧ ಸೆಕೆಂಡ್ ತಡವಾಗಿ ಶುರುವಾದರೂ ಪರವಾಗಿಲ್ಲ. ಮುಂಚೆ ಶುರುವಾದರೆ ಮಾತ್ರ ಕೇಳಿದ್ದಕ್ಕೂ ಕಂಡಿದ್ದಕ್ಕೂ ತಾಳೆಯಾಗುವುದಿಲ್ಲ.

ಧ್ವನಿ ಕೊಡುವವರಿಗೆ ಟಿವಿ ಜಾಹೀರಾತಿನ ಉತ್ಸಾಹ ಬೇಡ ಎಂದು ಮೊದಲೇ ಹೇಳಿ. ಒತ್ತು ಕೊಡಬೇಕಾದ ಪದಗಳಿಗೆ ಗೆರೆ ಎಳೆದು ಕೊಡಿ: ‘ಬೇಡಿ’, ‘ಪೂರ್ತಿ’, ‘ನಿಮ್ಮ’, ‘ಜೀರೋ’. ಕೀ ಬೇರೆಯವರ ಕೈಗೆ ಹೋಗಬಾರದು ಎಂಬ ವಿಷಯವೆಲ್ಲ ಆ ‘ನಿಮ್ಮ’ದಲ್ಲೇ ಇದೆ.

ವಿಡಿಯೊವನ್ನು ಕ್ಯಾಂಟೀನ್ ಟಿವಿಯಲ್ಲೋ ಶಾಪ್ ಪಕ್ಕದ ಗದ್ದಲದಲ್ಲೋ ಹಾಕುತ್ತಾರೆ ಎಂದಾದರೆ ಕೆಳಗೆ ಅಕ್ಷರ ಬೇಕೇ ಬೇಕು. ಪೂರ್ತಿ ಮಾತನ್ನು ಅಲ್ಲಿ ಟೈಪ್ ಮಾಡಬೇಡಿ. ‘ಮೇನ್ ಸ್ವಿಚ್ ಆಫ್’, ‘ನಿಮ್ಮ ಲಾಕ್’, ‘ಗೇಜ್ ಜೀರೋ’ ಇಷ್ಟೇ ದೊಡ್ಡದಾಗಿ ಬರಲಿ.

9. ಲೈನಿನವರಿಗೆ ತೋರಿಸಿ, ಮಾಡಿಸಿ ನೋಡಿ

ಸ್ಟುಡಿಯೊ ರೆಕಾರ್ಡಿಂಗ್‌ಗೆ ಮೊದಲೇ ಕಚ್ಚಾ ಆಡಿಯೊ ಇರುವ ವಿಡಿಯೊವನ್ನು ಮೂರು ನಾಲ್ಕು ಜನರಿಗೆ ತೋರಿಸಿ. ಒಬ್ಬರಾದರೂ ಹೊಸಬರಿರಲಿ, ಒಬ್ಬರಾದರೂ ಉತ್ತರ ಕರ್ನಾಟಕದವರಿರಲಿ. ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ‘ಆಯ್ತು ಸಾರ್’ ಎಂಬ ಉತ್ತರ ಮೊದಲೇ ತಯಾರಿರುತ್ತದೆ. ಮೇಂಟೆನೆನ್ಸ್‌ನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಖಾಲಿ ನಿಂತಿರುವ ಮೆಷಿನ್ ಹತ್ತಿರ ‘ಈಗ ನೋಡಿದ್ದನ್ನು ಮಾಡಿ ತೋರಿಸಿ’ ಅನ್ನಿ.

ಕೈ ಎಲ್ಲಿ ತಡೆಯುತ್ತದೆ ಎಂದು ನೋಡಿ. ಒಬ್ಬರೇ ತಡೆದರೆ ಅವರಿಗೆ ಇನ್ನೊಮ್ಮೆ ತೋರಿಸಿ. ಇಬ್ಬರು ಒಂದೇ ಹೆಜ್ಜೆಯಲ್ಲಿ ತಡೆದರೆ ಸಾಲು ಬದಲಾಗಬೇಕು. ವಾಲ್ವ್ ಬಂದ್ ಮಾಡಿ ಗಾಳಿ ಹೊರಗೆ ಬಿಡದೆ ಮುಂದೆ ಹೋದರೆ, ಎರಡೂ ಒಂದೇ ಕೆಲಸ ಎಂದು ಅವರು ತಿಳಿದಿದ್ದಾರೆ. ಆಗ ಐದನೆಯ ಸಾಲನ್ನು ಎರಡಾಗಿ ಒಡೆದು, ನಡುವೆ 2 ಸೆಕೆಂಡ್ ಬಿಟ್ಟು, ಎರಡನೆಯದನ್ನು ‘ಇನ್ನೂ ಒಳಗೆ ಗಾಳಿ ಇದೆ’ ಎಂದು ಶುರು ಮಾಡಿ. ಒಂಬತ್ತು ಅಕ್ಷರ ಜಾಸ್ತಿಯಾಗುತ್ತದೆ, ಅಷ್ಟು ಸಮಯವನ್ನು ಚಿತ್ರ ನಿಲ್ಲಿಸಿ ಕೊಡಿ. ಬದಲಾದ ಸಾಲನ್ನು ಆ ಇಬ್ಬರಿಗೇ ಮತ್ತೆ ತೋರಿಸಿ, ಮಾಡಿಸಿ ನೋಡಿದ ಮೇಲೆ ಸ್ಟುಡಿಯೊ ಬುಕ್ ಮಾಡಿ.